ಎಲ್ಲಿಂದ ಎಂದು ಕೇಳಿದ ಅಪ್ಪ

ಅಪ್ಪನ ಎಡಗಿವಿಯ ಮೇಲಂಚು ಚಪ್ಪಟೆಯಾಗಿ ಸದಾ ಕೆಂಪಗಿರುತ್ತಿತ್ತು. ಮೂವತ್ತು ವರ್ಷ ಸಣ್ಣ ಸಣ್ಣ ಊರುಗಳಲ್ಲಿ ಸ್ಟೇಷನ್ ಮಾಸ್ತರರಾಗಿದ್ದವರು ಅವರು. ಫೋನಿನ ರಿಸೀವರನ್ನು ಎಡಗಿವಿಗೂ ಭುಜಕ್ಕೂ ನಡುವೆ ಒತ್ತಿ ಹಿಡಿದು, ಬಲಗೈಯಲ್ಲಿ ಬರೆದುಕೊಳ್ಳುವುದೇ ರೂಢಿ. ನಿವೃತ್ತರಾಗಿ ಧಾರವಾಡದ ಹತ್ತಿರದ ನವನಗರದಲ್ಲಿ ಮನೆ ಮಾಡಿದ ಮೇಲೆ ಮೊಬೈಲನ್ನೂ ಹಾಗೆಯೇ ಕತ್ತು ಸೊಟ್ಟ ಮಾಡಿ ಹಿಡಿಯುತ್ತಿದ್ದರು, ಬಲಗೈ ಪೆನ್ಸಿಲ್ ಹುಡುಕುತ್ತಿತ್ತು. ಕಾಯಿಪಲ್ಲೆಯವನ ಫೋನ್ ಬಂದರೂ ಅಷ್ಟೇ.

ಅವರ ಕೆಲಸದ ಒಂದು ಪದ್ಧತಿ ನಮ್ಮ ಮನೆಯೊಳಗೂ ಬಂದು ಕೂತಿತ್ತು. ಗಾಡಿ ಬರುವ ಮೊದಲು ಅಪ್ಪ ರೈಲ್ವೆ ಗೇಟಿಗೆ ಫೋನ್ ಮಾಡಿ ಯಾವ ಗಾಡಿ, ಎಲ್ಲಿಂದ ಬರುತ್ತಿದೆ ಎಂದು ಹೇಳುತ್ತಿದ್ದರು. ಗೇಟಿನವನು ಅದನ್ನೇ ತಿರುಗಿ ಹೇಳಿ, ಗೇಟು ಹಾಕಿ ಕೀಲಿ ಜಡಿದು, ತನ್ನ ಹತ್ತಿರದ, ಅಂಕಿಗಳನ್ನು ಹಿಂದುಮುಂದಾಗಿ ಅಚ್ಚು ಮಾಡಿದ ಹಾಳೆಯಿಂದ ಎರಡಂಕಿಯ ಒಂದು ನಂಬರ್ ಕೊಡುತ್ತಿದ್ದ. ಕೊಟ್ಟ ನಂಬರಿನ ಮೇಲೆ ಗೆರೆ ಎಳೆಯಬೇಕು, ಮತ್ತೆ ಅದನ್ನು ಬಳಸುವಂತಿಲ್ಲ. ಆ ನಂಬರ್ ಅಪ್ಪನ ಪುಸ್ತಕದಲ್ಲಿ ಏರಿದ ಮೇಲೆಯೇ ಸಿಗ್ನಲ್ ಬಿದ್ದು ಗಾಡಿಗೆ ದಾರಿ ಸಿಗುತ್ತಿತ್ತು. ಹೂಂ, ಆಯಿತು, ಗೊತ್ತಾಯಿತು ಎಂಬ ಮಾತುಗಳಿಗೆ ಅಲ್ಲಿ ಬೆಲೆಯಿಲ್ಲ.

ಹೀಗಾಗಿ ನಮ್ಮ ಮನೆಯಲ್ಲಿ ಯಾರು ಏನೇ ತಿಳಿಸಿದರೂ ಮೊದಲು ಯಾರು, ಎಲ್ಲಿಂದ ಎಂದು ಹೇಳಬೇಕಿತ್ತು. ಅಪ್ಪ ಅದನ್ನು ತಿರುಗಿ ಹೇಳಿ, ತಾವೇ ಹಾಗೆಯೇ ಹಿಂದುಮುಂದಾಗಿ ನಂಬರ್ ಬರೆದಿಟ್ಟುಕೊಂಡ ನೋಟಬುಕ್ಕಿನಿಂದ ಒಂದು ನಂಬರ್ ಕೊಟ್ಟು ಗೆರೆ ಎಳೆಯುತ್ತಿದ್ದರು. ಗೆಳತಿಯ ಮನೆಯಿಂದ ತಡವಾಗುತ್ತದೆಂದು ನಾನು ಫೋನ್ ಮಾಡಿದರೂ ನಂಬರ್. ಅವ್ವನಿಗೆ ಇದನ್ನು ಕಂಡರಾಗುತ್ತಿರಲಿಲ್ಲ. "ಸಕ್ರಿ ತರ್ರಿ ಅಂದ್ರ ನಂಬರ್ ಕೊಡ್ತಾರ, ಸಕ್ರಿ ಮರ್ತ ಬರ್ತಾರ," ಎನ್ನುತ್ತಿದ್ದಳು.

ಅಪ್ಪ ಊಟ ಬಿಟ್ಟದ್ದನ್ನು ನಾನು ನೋಡಿದ್ದು ಒಂದೇ ಸಲ. ಹತ್ತು ವರ್ಷ ಜೊತೆಗಿದ್ದ ಗೇಟಿನವನೊಬ್ಬ, ಇದೊಂದು ಎತ್ತಿನ ಚಕ್ಕಡಿ ದಾಟಲಿ ಎಂದು ಗೇಟು ತೆರೆದಿಟ್ಟುಕೊಂಡೇ ನಂಬರ್ ಕೊಟ್ಟಿದ್ದ. ಚಕ್ಕಡಿ ದಾಟಿತು, ಹಿಂದೆಯೇ ಗಾಡಿ ಹಾದುಹೋಯಿತು. ಯಾರಿಗೂ ಏನೂ ಆಗಲಿಲ್ಲ. ಅಪ್ಪ ಮನೆಗೆ ಬಂದು ಗೋಡೆಗೆ ಒರಗಿ ಕೂತರು. "ಅಂವಾ ಸುಳ್ಳ ಹೇಳಿದ ಅಂತ ಸಿಟ್ಟಿಲ್ಲ. ಆ ಸುಳ್ಳ ನಂಬಿ ನಾ ಗಾಡಿ ಬಿಟ್ಟೆ," ಎಂದರು. ಅವ್ವ ಇಟ್ಟ ತಟ್ಟೆಯನ್ನು ಅತ್ತ ಸರಿಸಿದರು.

ಇಂಥವರಿಗೆ ನಾನು ಹೋದ ವರ್ಷ ಪಂಚಮಿ ಹಬ್ಬದ ಮೊದಲು ಒಂದು ಸುಳ್ಳು ಸಂದೇಶ ಕಳಿಸಿದೆ.

ನಮ್ಮಲ್ಲಿ ಪಂಚಮಿಗೆ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರಲೇಬೇಕು. ಅಣ್ಣ ಹೋಗಿ ಕರೆತರಬೇಕು. ನನ್ನಣ್ಣ ಮರುದಿನ ಮುಂಜಾನೆ ಬಾಗಲಕೋಟೆಯ ನನ್ನ ಗಂಡನ ಮನೆಗೆ ಹೊರಡುವವನಿದ್ದ. ಆದರೆ ನಾನು ಬಾಗಲಕೋಟೆಯಲ್ಲಿ ಇರಲಿಲ್ಲ. ಗಂಡನ ಮನೆ ಬಿಟ್ಟು ಎರಡು ತಿಂಗಳಾಗಿತ್ತು. ಬಾಗಲಕೋಟೆಯಲ್ಲಿ ಮಾಡುತ್ತಿದ್ದ ಕೆಲಸವನ್ನೇ ಧಾರವಾಡದ ಮಾಳಮಡ್ಡಿಯ ರಕ್ತ ತಪಾಸಣೆಯ ಲ್ಯಾಬೊಂದರಲ್ಲಿ ಹಿಡಿದು, ಅಲ್ಲೇ ಒಂದು ಕೋಣೆ ಮಾಡಿಕೊಂಡಿದ್ದೆ. ನವನಗರಕ್ಕೆ ಅಲ್ಲಿಂದ ಬಸ್ಸಿನಲ್ಲಿ ಅರ್ಧ ತಾಸಿನ ದಾರಿಯಷ್ಟೇ. ಆದರೂ ಹೋಗಿರಲಿಲ್ಲ. ಗಂಡ ಹೊಡೆದವನಲ್ಲ, ಬೈದವನಲ್ಲ. ಮಾತೇ ಆಡುತ್ತಿರಲಿಲ್ಲ. ವಾರಗಟ್ಟಲೆ ನಾನು ಏನು ಹೇಳಿದರೂ ಗೋಡೆಗೆ ಹೇಳಿದಂತೆ. ಹೇಳಿದ ಪ್ರತಿ ಮಾತಿಗೂ ನಂಬರ್ ಸಿಗುವ ಮನೆಯಲ್ಲಿ ಬೆಳೆದವಳು ನಾನು, ಅದನ್ನು ತಾಳಲಾರದೆ ಹೋದೆ. ಆದರೆ ಆ ಸಂಬಂಧವನ್ನು ಹುಡುಕಿ ತಂದವರು ಅಪ್ಪನೇ. ಅವರಿಗೆ ಹೇಗೆ ಹೇಳುವುದು? ಹಬ್ಬಕ್ಕೆ ಹೋದರೆ ಓಣಿಯ ಹೆಂಗಸರೆಲ್ಲ ಜೋಕಾಲಿ ಜೀಕುತ್ತ "ಅಳಿಯಂದ್ರು ಯಾವಾಗ ಬರ್ತಾರ?" ಎಂದು ಕೇಳುತ್ತಾರಲ್ಲ, ಅವರ ಮುಂದೆ ಏನು ಹೇಳುವುದು?

ಮುಂಜಾನೆ ಲ್ಯಾಬಿನಲ್ಲಿ ಬರೆದೆ, ಅಳಿಸಿದೆ, ಮತ್ತೆ ಬರೆದೆ. ಕೊನೆಗೆ ಕಳಿಸಿದ್ದು ಇಷ್ಟು: "ಅಪ್ಪಾ, ಹಬ್ಬಕ್ಕ ಡ್ಯೂಟಿ ಹಾಕ್ಯಾರ. ರಜಾ ಸಿಗಲಿಲ್ಲ. ಈ ವರ್ಷ ಬರೂದು ಆಗೂದಿಲ್ಲ. ಅಣ್ಣನ್ನ ಕಳಸಬ್ಯಾಡ್ರಿ." ಹಬ್ಬದ ದಿನದ ಡ್ಯೂಟಿಯನ್ನು ನಾನೇ ಕೇಳಿ ಹಾಕಿಸಿಕೊಂಡಿದ್ದೆ. ಎಲ್ಲಿಂದ ಎಂಬುದನ್ನು ಮಾತ್ರ ಬರೆಯಲಿಲ್ಲ. ಅಷ್ಟು ದೊಡ್ಡ ಸುಳ್ಳಿಗೆ ಕೈ ಬರಲಿಲ್ಲ.

ಸಂದೇಶದ ಕೆಳಗೆ ಎರಡು ಟಿಕ್ ಬಿದ್ದವು. ಐದು ನಿಮಿಷಕ್ಕೆ ನೀಲಿಯಾದವು, ಅಪ್ಪ ಓದಿದ್ದರು. ನಂಬರ್ ಬರಲಿಲ್ಲ.

ಆ ದಿನ ಫೋನನ್ನು ಎಷ್ಟು ಸಲ ತೆಗೆದು ನೋಡಿದೆನೋ! ರಕ್ತ ತೆಗೆಸಿಕೊಳ್ಳಲು ಬಂದ ಮುದುಕಿ, "ಯವ್ವಾ, ಸೂಜಿ ಕಡೆ ನೋಡು, ಫೋನ್ ಕಡೆ ಅಲ್ಲ," ಎಂದು ಗದರಿಸಿದಳು. ಸಂದೇಶವನ್ನು ಅಳಿಸಿಬಿಡೋಣ ಎಂದುಕೊಂಡೆ. ಅಳಿಸಿದರೆ ಅಳಿಸಿದ ಗುರುತು ಉಳಿಯುತ್ತದೆ, ಮೇಲಾಗಿ ಅಪ್ಪ ಓದಿಯಾಗಿದೆ. ಊಟದ ಡಬ್ಬಿ ತೆರೆದು ಮುಚ್ಚಿಟ್ಟೆ. ಅಣ್ಣ ಹೊರಡುತ್ತಾನೋ ಇಲ್ಲವೋ? ಬಾಗಲಕೋಟೆಯ ಆ ಮನೆಯ ಬಾಗಿಲು ಬಡಿದು, ನಾನಿಲ್ಲವೆಂದು ಆ ಮೂಕನ ಬಾಯಿಂದ ಕೇಳಬೇಕಾಗುತ್ತದೋ?

ಸಂಜೆ ಐದಕ್ಕೆ ಅಪ್ಪನಿಂದ ಒಂದೇ ಶಬ್ದ ಬಂತು. "ಎಲ್ಲಿಂದ?"

ಬಾಗಲಕೋಟೆ ಎಂದು ಬರೆಯಲು ಮೊದಲ ಅಕ್ಷರ ಒತ್ತಿದೆ. ಗೋಡೆಗೆ ಒರಗಿ ಕೂತ ಅಪ್ಪ, ಅವರು ಸರಿಸಿದ ತಟ್ಟೆ ಕಣ್ಣಮುಂದೆ ಬಂದವು. ಅಳಿಸಿದೆ. ಜಿಟಿಜಿಟಿ ಮಳೆಯಲ್ಲಿ ಲ್ಯಾಬಿನ ಮೆಟ್ಟಿಲ ಮೇಲೆ ನಿಂತು ಬರೆದೆ: "ಮಗಳು, ಮಾಳಮಡ್ಡಿಯಿಂದ. ಗಂಡನ ಮನಿ ಬಿಟ್ಟ ಎರಡ ತಿಂಗಳಾತು. ಡ್ಯೂಟಿ ನಾನ ಕೇಳಿ ತೊಗೊಂಡೇನಿ. ಮಂದಿ ಕೇಳಿದ್ರ ಹೇಳಾಕ ನನ್ನ ಕಡೆ ಉತ್ತರ ಇಲ್ಲ. ಅದಕ್ಕ ಹಬ್ಬಕ್ಕ ಬರೂದಿಲ್ಲ."

ಈ ಸಲ ಅಪ್ಪ ಬರೆಯುತ್ತಿದ್ದಾರೆಂದು ಫೋನ್ ತೋರಿಸುತ್ತಲೇ ಇತ್ತು. ನಿಲ್ಲುತ್ತಿತ್ತು, ಮತ್ತೆ ತೋರಿಸುತ್ತಿತ್ತು. ಒಂದೊಂದೇ ಅಕ್ಷರ ಹುಡುಕಿ ಒತ್ತುವ ಆ ಬೆರಳು ನನಗೆ ಗೊತ್ತು. ಕೊನೆಗೆ ಬಂತು: "ಮಗಳು, ಮಾಳಮಡ್ಡಿಯಿಂದ. ಗಂಡನ ಮನಿ ಬಿಟ್ಟ ಎರಡ ತಿಂಗಳು. ಡ್ಯೂಟಿ ತಾನ ಕೇಳಿ ತೊಗೊಂಡಾಳ. ಮಂದಿ ಕೇಳಿದ್ರ ಹೇಳಾಕ ಉತ್ತರ ಇಲ್ಲ. ಹಬ್ಬಕ್ಕ ಬರೂದಿಲ್ಲ. ನಂಬರ್ 47."

ನನ್ನ ಒಂದು ಮಾತನ್ನೂ ಅವರು ಬಿಟ್ಟಿರಲಿಲ್ಲ, ತಮ್ಮದೊಂದನ್ನೂ ಸೇರಿಸಿರಲಿಲ್ಲ. ಯಾಕೆ ಎನ್ನಲಿಲ್ಲ, ಹೊಂದಿಕೊಂಡು ಹೋಗು ಎನ್ನಲಿಲ್ಲ. ಮೆಟ್ಟಿಲ ಮೇಲೆಯೇ ಕೂತು ಅತ್ತೆ.

ಹಬ್ಬದ ದಿನ ಡ್ಯೂಟಿ ಮುಗಿಸಿ ಹೊರಗೆ ಬಂದರೆ, ಎದುರಿನ ಕಟ್ಟೆಯ ಮೇಲೆ ಸ್ಟೀಲ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಅಪ್ಪ ಕೂತಿದ್ದರು. ಮಾಳಮಡ್ಡಿಯಲ್ಲಿದ್ದ ಲ್ಯಾಬುಗಳನ್ನೆಲ್ಲ ಒಂದೊಂದಾಗಿ ಕೇಳುತ್ತ ಬಂದಿದ್ದರಂತೆ.

"ನಾ ಬರೂದಿಲ್ಲ ಅಂತ ತಿಳಿಸಿದ್ದೆನಲ್ಲರೀ ಅಪ್ಪಾ," ಎಂದೆ.

"ನೀ ಬರೂದಿಲ್ಲ ಅಂತ ತಿಳಿಸಿದಿ. ನಾ ಬರಬಾರ್ದಂತ ಅದರಾಗ ಎಲ್ಲೆ ಇತ್ತು?"

ಡಬ್ಬಿಯಲ್ಲಿ ಪಂಚಮಿಯ ಶೇಂಗಾ ಉಂಡಿ, ಎಳ್ಳುಂಡಿ, ಜೋಳದ ಅರಳಿನ ಅಳ್ಳಿಟ್ಟು. "ನಿಮ್ಮವ್ವಗ ನಾನ ಹೇಳೇನಿ. ಮೊದಲ ಅತ್ತಳು. ಆಮ್ಯಾಲ ಉಂಡಿ ಕಟ್ಟಾಕ ಕುಂತಳು," ಎಂದರು. ಗಂಡ ವಾರಗಟ್ಟಲೆ ಮಾತೇ ಆಡದಿದ್ದುದನ್ನು ನಾನು ಆಗ ಹೇಳಿದೆ. ಅಪ್ಪ ಆ ಕೆಂಪು ಕಿವಿಯನ್ನು ಉಜ್ಜಿಕೊಳ್ಳುತ್ತ, "ಹುಡುಗನ್ನ ನೋಡಾಕ ಹೋದಾಗ ಅಂವಾ ಮಾತಾಡಲಿಲ್ಲ. ನಾಚಿಕಿ ಅಂತ ತಿಳಕೊಂಡೆ. ತಪ್ಪ ನಂದು, ಯವ್ವಾ," ಎಂದರು. ತಪ್ಪು ತಮ್ಮದೆಂದು ಅವರು ನನಗೆ ಹೇಳಿದ್ದು ಅದೇ ಮೊದಲು.

ಈ ಬೇಸಿಗೆಯಲ್ಲಿ ಅಪ್ಪ ಹೋದರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ನನಗೆ ಸುದ್ದಿ ಮುಟ್ಟಿಸಿದ್ದು ಅಣ್ಣ. "ಹೂಂ" ಎಂದು ನವನಗರದ ಬಸ್ಸು ಹಿಡಿದೆ.

ಮತ್ತೆ ಪಂಚಮಿ ಬಂತೆಂದು ನಿನ್ನೆ ಅವ್ವನಿಗೆ ಫೋನ್ ಮಾಡಿದೆ. "ಅವ್ವಾ, ನಾ ನಾಳೆ ಮುಂಜಾನೆ ಬರ್ತೇನಿ," ಎಂದೆ.

ಆ ಕಡೆ ಕಪಾಟು ತೆರೆದ ಸಪ್ಪಳ, ಅಪ್ಪನ ನೋಟಬುಕ್ಕಿನ ಹಾಳೆ ಮಗುಚಿದ ಸಪ್ಪಳ ಕೇಳಿಸಿತು.

"ಮಗಳು, ಮಾಳಮಡ್ಡಿಯಿಂದ," ಎಂದಳು ಅವ್ವ. "ನಾಳೆ ಮುಂಜಾನೆ ಬರ್ತಾಳ. ಬರಕೋ ಯವ್ವಾ, ನಂಬರ್ ಹದಿನೆಂಟು."