ಕೂಜದೊಡನೆ ಮಾತಾಡಿದ ಅತ್ತೆ

ಈ ಸಲ ಭೋಗಿಗೆ ಸುಣ್ಣ ಹೊಡೆಸುವಾಗ ಅಟ್ಟದಿಂದ ಹಳೆಯ ಕೂಜವೊಂದು ಇಳಿಯಿತು. ಎವರ್‌ಸಿಲ್ವರಿನದು, ಅಂದರೆ ಸ್ಟೀಲಿನದು. ಬಾಯಿಗೆ ಮುಚ್ಚಲು ಒಂದು ಲೋಟ, ಹೊಟ್ಟೆಯ ಮೇಲೆ ನನ್ನ ಹೆಂಡತಿಯ ಹೆಸರು. ಮದುವೆಯಲ್ಲಿ ತವರಿನವರು ಸೀರು ಎಂದು ಕೊಟ್ಟ ಪಾತ್ರೆಪಗಡಿಯ ಜೊತೆ ಬಂದದ್ದು. ಒಂದು ಕಡೆ ನಗ್ಗಿದೆ, ತಳದಲ್ಲಿ ಸಣ್ಣಗೆ ಸೋರುತ್ತದೆ. ‘ಹಳೇ ಪಾತ್ರೆಯವನಿಗೆ ಹಾಕ್ಬುಡಲಾ?’ ಎಂದಳು ಹೆಂಡತಿ. ನಾನು ಅವಳ ಕೈಯಿಂದ ಕಸಿದುಕೊಂಡೆ. ಅವಳು ನನ್ನ ಮುಖ ನೋಡಿ, ಏನೋ ನೆನಪಾಗಿ, ಒಳಗೆ ಹೋದಳು.

ಆ ಕೂಜದ ಜೊತೆ ನನ್ನ ಅತ್ತೆ ಮಾತಾಡುತ್ತಿದ್ದರು. ಹುಚ್ಚಲ್ಲ, ಮರ್ಯಾದೆ. ನಮ್ಮ ಜನ ಕನ್ನಡ ಮನೆಮಾತು ಇಟ್ಟುಕೊಂಡು ಈ ತಮಿಳು ಸೀಮೆಯಲ್ಲಿ ಬೇಸಾಯ ಮಾಡಿಕೊಂಡು ಎಷ್ಟೋ ತಲೆಮಾರು ಕಳೆದವರು. ಮಾತು ಅರ್ಧ ತಮಿಳಾಗಿದೆ, ಆದರೆ ಅತ್ತೆಯಾದವಳು ಅಳಿಯನ ಎದುರು ನಿಂತು ಮಾತಾಡಬಾರದು ಎಂಬುದು ಮಾತ್ರ ಆಗ ಇನ್ನೂ ಗಟ್ಟಿಯಾಗಿತ್ತು. ಕಂಬಂ ಹತ್ತಿರದ ಅವರ ಊರಿಗೆ ಹೋದರೆ ಅತ್ತೆ ಬಾಗಿಲ ಹಿಂದಿನಿಂದಲೇ ನನ್ನನ್ನು ವಿಚಾರಿಸುತ್ತಿದ್ದರು. ಅಳಿಯನಾದ ನಾನು ಅವರ ಬಾಯಲ್ಲಿ ಮಾಪ್ಳೆ. ‘ಮಾಪ್ಳೆ ಕಾಪಿ ಕುಡುದ್ರಾ?’ ಎಂದು ಮಗಳನ್ನು ಕೇಳುವರು. ಮಗಳಿಲ್ಲದಿದ್ದರೆ ಗೋಡೆಯನ್ನೋ ಕರುವನ್ನೋ ಕೇಳುವರು. ದ್ರಾಕ್ಷಿ ತೋಟದ ಆಳುಗಳನ್ನು ಗದರಿಸಿ ನಡುಗಿಸುವ ಹೆಂಗಸು, ನನ್ನ ನೆರಳು ಕಂಡರೆ ಸೆರಗು ಎಳೆದುಕೊಂಡು ಕರುವಿಗೆ ವಿಷಯ ಹೇಳುವುದು ನೋಡಿ ನನಗೆ ನಗು ತಡೆಯಲಾಗುತ್ತಿರಲಿಲ್ಲ.

ಆಗ ನಾನು ನಿಲಕ್ಕೋಟ್ಟೈ ಹೂವಿನ ಪೇಟೆಯಲ್ಲಿ ಒಂದು ಕಮಿಷನ್ ಮಂಡಿಯಲ್ಲಿ ಹರಾಜು ಕೂಗುತ್ತಿದ್ದೆ. ಮೂಟೆ ಬಿಚ್ಚಿ ಮಲ್ಲಿಗೆ ಸುರಿದ ಕೂಡಲೇ ಶುರುಮಾಡಿದರೆ, ಬಸ್‌ ಸ್ಟ್ಯಾಂಡಿನವರೆಗೂ ನನ್ನ ದನಿ ಕೇಳುತ್ತದೆ ಎಂದು ಜನ ಹೇಳುತ್ತಿದ್ದರು. ಕೂಗಿನಿಂದಲೇ ನನ್ನ ಮನೆಯ ಒಲೆ ಉರಿಯುತ್ತಿತ್ತು, ನನ್ನ ಜಂಬವೂ ಅದರಿಂದಲೇ. ತೊಂಬತ್ತರ ದಶಕದ ಕೊನೆಯಲ್ಲಿ ಅದೇ ಗಂಟಲಿಗೆ ಗಡ್ಡೆ ಬಂತು. ಥೈರಾಯ್ಡ್ ಎಂದರು. ದಿಂಡಿಗಲ್ಲಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು.

ದನಿಯ ನರ ಗಡ್ಡೆಗೆ ಅಂಟಿಕೊಂಡೇ ಹೋಗುತ್ತದಂತೆ. ‘ನರ ಕತ್ತರಿಸಿಲ್ಲ, ಆದರೆ ಅದಕ್ಕೆ ಪೆಟ್ಟಾಗಿದೆ. ದನಿ ಎಷ್ಟು ವಾಪಸ್ ಬರುತ್ತೆ ಅಂತ ಈಗಲೇ ಹೇಳೋಕಾಗಲ್ಲ’ ಎಂದರು ಡಾಕ್ಟರು. ಕೆಲವು ದಿನ ಮಾತು ಕಡಿಮೆ ಮಾಡಬೇಕು, ಪಿಸುಗುಟ್ಟಲೂ ಕೂಡದು, ಅದು ಗಂಟಲಿಗೆ ಇನ್ನೂ ಹೆಚ್ಚು ಶ್ರಮ. ಕುತ್ತಿಗೆ ಥಟ್ಟನೆ ತಿರುಗಿಸುವಂತಿಲ್ಲ. ಹೊಲಿಗೆಯ ಪಕ್ಕದಿಂದ ಒಂದು ಸಣ್ಣ ಟ್ಯೂಬು ಇಳಿಬಿಟ್ಟಿದ್ದರು. ನುಂಗಿದರೆ ಪ್ರಾಣ ಹೋದಂತಾಗುತ್ತಿತ್ತು.

ಇಂಥವನನ್ನು ನೋಡಲು ಪೇಟೆಯೇ ಬಂತು. ಪ್ರೀತಿಯಿಂದಲೇ ಬಂದರು, ಅದನ್ನು ಅಲ್ಲಗಳೆಯುವುದಿಲ್ಲ. ಹಾರ್ಲಿಕ್ಸ್ ಬಾಟಲಿಗಳು ಕಿಟಕಿಯ ಮೇಲೆ ಸಾಲುಗಟ್ಟಿದವು. ಆದರೆ ಬಂದವರೆಲ್ಲ ತಲೆಯ ಪಕ್ಕದಲ್ಲೇ ನಿಲ್ಲುವರು, ನಾನು ಕುತ್ತಿಗೆ ತಿರುಗಿಸಬೇಕು. ‘ಹೇಗಿದ್ದೀಯ?’ ಎನ್ನುವರು, ನಾನು ಉತ್ತರ ಕೊಡಬೇಕು. ‘ಹೆಂಗೆ ಶುರುವಾಯ್ತು, ಮೊದಲಿಂದ ಹೇಳು’ ಎನ್ನುವರು. ‘ಅಯ್ಯೋ, ಅರ್ಧ ಆಗಿಬಿಟ್ಟಿದ್ದೀಯಲ್ಲ’ ಎಂದು ಕೆನ್ನೆ ಮುಟ್ಟುವರು. ಒಬ್ಬ ಮಹಾನುಭಾವ ಬತ್ತಲಗುಂಡಿನ ತನ್ನ ಷಡ್ಡಕನಿಗೆ ಇದೇ ಆಪರೇಷನ್ ಆಗಿ ದನಿ ಹೋದದ್ದು ಹೋದದ್ದೇ ಎಂಬ ಕಥೆಯನ್ನು ಕಿತ್ತಳೆ ಸುಲಿಯುತ್ತಾ ಹೇಳಿದ. ಸುಲಿದ ಕಿತ್ತಳೆಯನ್ನು ತಾನೇ ತಿಂದ.

ಕೊನೆಗೆ ನಮ್ಮ ಮಂಡಿಯ ಹುಡುಗರು ಬಂದರು. ‘ಎಲ್ಲಿ ಅಣ್ಣೇ, ಒಂದೇ ಒಂದ್ಸಲ ಮಲ್ಲಿಗೆ ರೇಟು ಕೂಗಿ, ಕೇಳಾಣ’ ಎಂದರು. ನನಗೂ ಒಳಗೊಳಗೆ ಅದೇ ಆಸೆ. ಕೂಗಿದೆ… ಹರಿದ ಗೋಣಿಯನ್ನು ಎಳೆದಂಥ ಶಬ್ದ ಬಂತು. ನಗುತ್ತಿದ್ದ ಮುಖಗಳೆಲ್ಲ ಒಟ್ಟಿಗೆ ಬಾಡಿದವು. ‘ಧೈರ್ಯವಾಗಿರಿ, ಎಲ್ಲಾ ಸರಿಹೋಯ್ತದೆ’ ಎಂದು ಅವರು ಅವಸರವಾಗಿ ಎದ್ದು ಹೋದರು. ನಾನು ಗಂಜಿ ಬೇಡವೆಂದೆ. ಆಮೇಲೆ ಯಾರು ಬಂದರೂ ಕಣ್ಣು ಮುಚ್ಚಿ ನಿದ್ದೆಯ ನಾಟಕ ಆಡಿದೆ. ದನಿ ಹೋದ ಮೇಲೆ ಉಳಿದ ನಾನು ಯಾರಿಗೆ ಬೇಕು ಎಂಬುದೊಂದೇ ಯೋಚನೆ.

ಮರುದಿನ ಹಾಗೆಯೇ ಕಣ್ಣು ಮುಚ್ಚಿಕೊಂಡಿದ್ದಾಗ ಕಾಲ ಕಡೆಯಿಂದ ಒಂದು ದನಿ ಬಂತು. ಮಾತು ನನ್ನ ಜೊತೆಗಲ್ಲ.

‘ಏ ಕೂಜಾ, ಮಾಪ್ಳೆ ಕೈಲಿ ಹೇಳು. ಕಂಬಂನಿಂದ ಅತ್ತೆ ಬಂದವ್ಳೆ. ಕಣ್ಣು ತೆರೀಬೇಕಾಗಿಲ್ಲ, ಜವಾಬು ಹೇಳ್ಬೇಕಾಗಿಲ್ಲ. ನಾನು ಸ್ವಲ್ಪ ಹೊತ್ತು ಕೂತಿದ್ದು ಹೋಯ್ತೀನಿ, ಅಷ್ಟೇ.’

ಆ ಕೋಣೆಯಲ್ಲಿ ಮರೆಯಾಗಲು ಬಾಗಿಲಿಲ್ಲ, ಇದ್ದದ್ದು ಒಂದು ಪರದೆ ಮಾತ್ರ. ಅದಕ್ಕೇ ಅತ್ತೆ ಮಂಚದ ಕಾಲ ಕಡೆ ನಿಂತು, ಹೆಂಡತಿ ನೀರಿಗೆಂದು ಮನೆಯಿಂದ ತಂದು ಮೇಜಿನ ಮೇಲಿಟ್ಟಿದ್ದ ಕೂಜವನ್ನು ನಡುವೆ ಇಟ್ಟುಕೊಂಡಿದ್ದರು. ನಾನು ಕಣ್ಣು ಬಿಟ್ಟರೆ ಸಾಕು, ಕುತ್ತಿಗೆ ತಿರುಗಿಸದೆ ಅವರು ಕಾಣುತ್ತಿದ್ದರು. ಮಂಚದ ಮೇಲೆ ಕೂರಲಿಲ್ಲ, ಸ್ಟೂಲು ಎಳೆದುಕೊಂಡರು. ಆಮೇಲೆ ಕೂಜಕ್ಕೆ ಸುದ್ದಿ ಹೇಳತೊಡಗಿದರು. ಅವರ ಮನೆಯಲ್ಲಿ ಬಿಟ್ಟಿದ್ದ ನಮ್ಮ ಮಗು ಚೆನ್ನಾಗಿ ಉಣ್ಣುತ್ತಿದೆ, ಕರುವಿನ ಕಿವಿ ಹಿಡಿದು ಆಡುತ್ತದೆ. ದ್ರಾಕ್ಷಿ ಈ ಸಲ ಗೊನೆ ಚೆನ್ನಾಗಿ ಕಟ್ಟಿದೆ. ಬರುವಾಗ ತೇನಿಯಲ್ಲಿ ಬಸ್ಸು ಕೆಟ್ಟು ನಿಂತಿತು, ಡ್ರೈವರ್ ಕೆಳಗಿಳಿದು ಬಸ್ಸನ್ನೇ ಬೈದ. ಸಣ್ಣ ಸಣ್ಣ ಮಾತು, ಮೆಲ್ಲನೆ, ನಡುನಡುವೆ ಸುಮ್ಮನಿರುವುದು. ಒಂದಕ್ಕೂ ನನ್ನಿಂದ ಉತ್ತರ ಬೇಕಿರಲಿಲ್ಲ. ನಾನು ಯಾವಾಗ ಕಣ್ಣು ತೆರೆದೆನೋ ನನಗೇ ಗೊತ್ತಾಗಲಿಲ್ಲ.

ಕೇಳಲೇಬೇಕಾದುದನ್ನು ಹೌದು–ಅಲ್ಲ ಮಾಡಿ ಕೇಳಿದರು. ‘ಫ್ಯಾನು ಕಮ್ಮಿ ಮಾಡ್ಲಾ ಅಂತ ಕೇಳು. ಬೇಕಂದ್ರೆ ಒಂದು ಬೆರಳು ಎತ್ತಲಿ.’ ನಾನು ಬೆರಳು ಎತ್ತಿದೆ. ಬಣ್ಣ ಬಾಡಿದೆ ಎನ್ನಲಿಲ್ಲ, ಗಂಟಲು ಹೇಗಿದೆ ಎನ್ನಲಿಲ್ಲ. ಆ ಒಂದು ಪ್ರಶ್ನೆಯನ್ನು ಅವರು ಕೊನೆಯವರೆಗೂ ಕೇಳಲೇ ಇಲ್ಲ. ಹೊರಡುವಾಗ ಎಲ್ಲರಂತೆ ‘ಹೋಗಿ ಬತ್ತೀನಿ’ ಎನ್ನಲಿಲ್ಲ. ಆಸ್ಪತ್ರೆಗೆ ಮತ್ತೆ ಬರುವ ಮಾತು ಆಡಬಾರದಂತೆ. ‘ಮನೇಲಿ ನೋಡಾಣ ಅಂತ ಹೇಳು’ ಎಂದರು. ಮನೆ ಎಂಬುದೊಂದು ಇದೆ ಎಂದು ನನಗೆ ಆಗ ನೆನಪಾಯಿತು. ಆ ಸಂಜೆ ನಾನು ಗಂಜಿ ಕುಡಿದೆ.

ಹಾಗೆಂದರೂ ಮರುದಿನ ಮತ್ತೆ ಬಂದರು! ಮಗಳಿಗೆ ಜೊತೆ ಬೇಕು ಎಂಬ ನೆಪ. ಈ ಸಲ ಪರದೆಯ ಹೊರಗೆ ಚಾಪೆ ಹಾಕಿಕೊಂಡು ಕಾವಲು ಕೂತರು. ನಮ್ಮ ಮಂಡಿಯ ಮಾಲೀಕರು, ನಾವು ಮೊದಲಾಳಿ ಎನ್ನುವವರು, ಬಂದಾಗ ನಡೆದ ಮಾತೆಲ್ಲ ನನಗೆ ಕೇಳುತ್ತಿತ್ತು.

‘ಒಳಕ್ಕೆ ಹೋಗಿ ಏನು ಹೇಳ್ತೀರಿ?’

‘ಏನು ಹೇಳೋದು ತಾಯಿ, ಧೈರ್ಯವಾಗಿರು, ದನಿ ಮೊದಲಿನ ಹಾಗೆ ಬರುತ್ತೆ ಅಂತೀನಿ.’

‘ಅದನ್ನ ಡಾಕ್ಟರೇ ಹೇಳ್ಳಿಲ್ಲ, ನೀವೆಂಗೆ ಹೇಳ್ತೀರಿ? ನಿಮ್ಮ ಕೈಲಿ ಇರೋದು ಏನೈತೋ ಅದನ್ನ ಹೇಳಿ. ಏನೂ ಇಲ್ಲಾಂದ್ರೆ ನೋಡಿ ಹೋಗೋಕೆ ಬಂದೆ ಅನ್ನಿ, ಅದೇ ಸಾಕು. ಕೇಳ್ಬೇಡಿ. ಕಾಲ ಕಡೆ ನಿಂತ್ಕಳಿ.’

ಮೊದಲಾಳಿ ಪರದೆ ಸರಿಸಿದರು. ಸಾಲ ಕೇಳಲು ಬಂದವರನ್ನೂ ಎದುರು ನಿಲ್ಲಗೊಡದ ಮನುಷ್ಯ. ಒಳಗೆ ಬಂದು, ಹೇಳಿದ ಕಡೆಯೇ ನಿಂತು, ‘ನೋಡಿ ಹೋಗೋಣ ಅಂತ ಬಂದೆ ಕಣಪ್ಪ. ಮಾತಾಡಬೇಡ. ನಿನ್ನ ಜಾಗ ನಿಂದೇ. ದನಿ ಬರೋವರೆಗೂ ತಕ್ಕಡಿ ಹತ್ತಿರ ಕೂತ್ಕೋ, ತೂಕ ನೋಡು’ ಎಂದರು. ಅಷ್ಟೇ ಹೇಳಿ ಹೋದರು. ನನ್ನ ಎದೆಯ ಮೇಲಿಂದ ಒಂದು ಮೂಟೆ ಇಳಿಸಿದ ಹಾಗಾಯಿತು.

ಇನ್ನೊಂದು ಮಾತಿದೆ, ಅದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಒಂದು ಮಧ್ಯಾಹ್ನ ಹೆಂಡತಿ ಬಿಸಿನೀರು ತರಲು ಕೂಜ ತೆಗೆದುಕೊಂಡು ಕೆಳಗೆ ಹೋದಳು. ಅದು ತಿಳಿಯದೆ ಅತ್ತೆ ಪರದೆ ಸರಿಸಿ ಒಳಗೆ ಬಂದರು. ‘ಏ ಕೂ…’ ಎಂದು ಶುರುಮಾಡಿದವರು ಮೇಜು ಬರಿದಾಗಿದ್ದು ನೋಡಿ ನಿಂತುಬಿಟ್ಟರು. ಗೋಡೆ ನೋಡಿದರು, ಕಿಟಕಿಯ ಹಾರ್ಲಿಕ್ಸ್ ಬಾಟಲಿಗಳನ್ನು ನೋಡಿದರು. ಹೊರಗೆ ಹೋಗಿಬಿಡುತ್ತಾರೆ ಎಂದುಕೊಂಡೆ. ಆದರೆ ನನ್ನ ಕಣ್ಣಲ್ಲಿ ನೀರಿತ್ತು, ಅದು ಅವರಿಗೆ ಕಂಡಿತ್ತು. ಸೆರಗು ಸರಿಮಾಡಿಕೊಂಡು, ಮೊದಲ ಬಾರಿಗೆ, ನನ್ನನ್ನೇ ನೋಡಿದರು.

‘ಸುಸ್ತಾಗೈತಾ ಮಾಪ್ಳೆ?… ಆಗ್ಲಿ. ಸುಸ್ತಾಗೇ ಇರಿ. ಈಗ ನೀವು ಧೈರ್ಯವಾಗಿ ಇರ್ಬೇಕಾಗಿಲ್ಲ. ಅದಕ್ಕೇ ನಾವಿದ್ದೀವಲ್ಲ.’

ಬಂದವರೆಲ್ಲ ಧೈರ್ಯ ಕೇಳಿದ್ದರು, ಇವರೊಬ್ಬರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಕೆಳಗಿಟ್ಟರು. ನಾನು ಬಿಕ್ಕಿದೆ, ಹೊಲಿಗೆ ಎಳೆಯಿತು, ಅವರು ಸ್ಟೂಲು ಎಳೆದುಕೊಂಡು ಪಕ್ಕದಲ್ಲೇ ಕೂತರು. ಹೆಂಡತಿ ಕೂಜದ ಜೊತೆ ವಾಪಸ್ ಬಂದಳು. ಅತ್ತೆ ಥಟ್ಟನೆ ಎದ್ದು ಕಾಲ ಕಡೆ ಸರಿದು, ‘ಏ ಕೂಜಾ, ಇಷ್ಟು ಹೊತ್ತು ಎಲ್ಲಿಗೋಗಿದ್ದೆ?’ ಎಂದು ಅದನ್ನೇ ಗದರಿದರು.

ದನಿ ಬಂತು. ಮೊದಲಿನಷ್ಟಲ್ಲ, ಮೇಲಿನ ಕೂಗಿಗೆ ಹೋದರೆ ಈಗಲೂ ಸೀಳುತ್ತದೆ. ಆದರೆ ಹರಾಜಿಗೆ ಸಾಕಾಯಿತು, ಮಗುವನ್ನು ಓದಿಸಲು ಸಾಕಾಯಿತು. ಪೇಟೆಯವರು ಸೀಳುದನಿ ಎಂದೇ ನನ್ನನ್ನು ಕರೆದರು, ನಾನೂ ಓಗೊಟ್ಟೆ.

ಎಷ್ಟೋ ವರ್ಷಗಳ ಮೇಲೆ ಅತ್ತೆ ತೇನಿಯಲ್ಲಿ ಆಸ್ಪತ್ರೆ ಸೇರಿದರು. ಹೃದಯ ಸೋತಿತ್ತು, ಉಸಿರಾಡಲೆಂದು ಮೂಗಿಗೆ ನಳಿಕೆ ಹಾಕಿದ್ದರು. ನಾನು ಕೂಜ ತೆಗೆದುಕೊಂಡೇ ಹೋದೆ. ಮೇಜಿನ ಮೇಲಿಟ್ಟು, ಕಾಲ ಕಡೆ ನಿಂತು, ‘ಏ ಕೂಜಾ, ಅತ್ತೆ ಕೈಲಿ ಹೇಳು. ಮಾಪ್ಳೆ ಬಂದವ್ನೆ. ಕಣ್ಣು ತೆರೀಬೇಕಾಗಿಲ್ಲ. ಸುಸ್ತಾಗೇ ಇರ್ಲಿ, ನಾವಿದ್ದೀವಿ’ ಎಂದೆ. ಅತ್ತೆಯ ಮುಚ್ಚಿದ ರೆಪ್ಪೆ ನಡುಗಿತು, ತುಟಿ ಒಂದಿಷ್ಟು ಅಗಲವಾಯಿತು. ಹಾಸಿಗೆಯ ಮೇಲಿನ ಕೈಯಿಂದ ಒಂದು ಬೆರಳು ಮೇಲೆದ್ದಿತು. ‘ಮನೇಲಿ ನೋಡಾಣ’ ಎಂದು ಹೊರಟೆ. ಮನೆಗೆ ಬಂದರು, ತೋಟ ಕಾಣುವ ಹಾಗೆ ಮಂಚ ಹಾಕಿಸಿಕೊಂಡರು… ಆ ಸುಗ್ಗಿಯ ದ್ರಾಕ್ಷಿ ಕೊಯ್ಲಿಗೆ ಅವರಿರಲಿಲ್ಲ.

ಇವತ್ತು ಕೂಜವನ್ನು ಹುಣಸೆಹುಳಿ ಹಾಕಿ ತಿಕ್ಕಿದೆ. ಸೋರಿದರೂ ಸೋರಲಿ ಎಂದು ನೀರು ತುಂಬಿ ಕಿಟಕಿಯಲ್ಲಿಟ್ಟೆ. ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತಿದ್ದಳು, ಕೇಳುವವರು ಯಾರೂ ಹತ್ತಿರ ಇರಲಿಲ್ಲ. ಅತ್ತೆ ಒಂದು ಸಲವೂ ಕೇಳದೆ ಹೋದ ಪ್ರಶ್ನೆಗೆ ನನ್ನ ಬಳಿ ಇಷ್ಟು ವರ್ಷದಿಂದ ಜವಾಬು ಉಳಿದುಬಿಟ್ಟಿದೆ. ಸೆರಗಿಲ್ಲದಿದ್ದರೂ ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡು ಹೇಳಿದೆ:

‘ಏ ಕೂಜಾ, ಅತ್ತೆ ಕೈಲಿ ಹೇಳು. ಗಂಟಲು ಚೆನ್ನಾಗೈತೆ.’