ಎರಡು ದಿನದ ಕೂಲಿ, ಎರಡು ಪಟ್ಟು ಅಕ್ಷರ

ಪ್ರೆಸ್ಸಿನಲ್ಲಿ ಯಾರ ಮದುವೆ ಇದ್ದರೂ ಕೈಯಲ್ಲಿ ಏನು ಹಿಡಿದುಕೊಂಡು ಹೋಗಬೇಕೆಂದು ಎಲ್ಲರೂ ಕೇಳುತ್ತಿದ್ದುದು ಬೈಂಡಿಂಗ್ ಅಕ್ಕನನ್ನು. ಕೇಳದಿದ್ದವರಿಗೂ ಅವಳು ಹೇಳುತ್ತಿದ್ದಳು. ಬೆರಳ ತುಂಬ ಅಂಟು, ಮಾತಿನ ತುಂಬ ಖಾರ.

"ಮನೆ ತುಂಬಿರೋರಿಗೆ ಸಾಮಾನು ಕೊಡಿ, ಮನೆ ಹೂಡೋರಿಗೆ ದುಡ್ಡು ಕೊಡಿ. ಮಾಲೀಕರ ಮಗಳಿಗೆ ನಮ್ಮ ಕವರು ಯಾವ ಲೆಕ್ಕ? ಅವಳಿಗೆ ನೋಡಿ ಆರಿಸಿದ ಒಂದು ಒಳ್ಳೆ ದೀಪ ಸಾಕು. ಮತ್ತೆ ಬಾಯಿಬಿಟ್ಟು ಇಂಥದ್ದೇ ಬೇಕು ಅಂದೋರಿಗೆ ಅದನ್ನೇ ಕೊಡಿ, ನಿಮ್ಮ ಜಾಣತನ ತೋರಿಸಬೇಡಿ."

ಇದೆಲ್ಲ ಅವಳು ಪೆಟ್ಟು ತಿಂದು ಕಲಿತದ್ದು. ಅವಳ ಮದುವೆಗೆ ಒಂಬತ್ತು ಲೆಮನ್ ಸೆಟ್ ಬಂದಿದ್ದವು. ಒಲೆ ಕೊಳ್ಳಲು ಕಾಸಿಲ್ಲದೆ ಗಂಡ ಹೆಂಡತಿ ವಾರವಿಡೀ ಹೂವಿನ ಚಿತ್ತಾರದ ಲೋಟಗಳಲ್ಲಿ ಬರೀ ನೀರು ಕುಡಿದಿದ್ದರು. ಆ ಸಿಟ್ಟು ಅವಳಲ್ಲಿ ಇನ್ನೂ ಆರಿರಲಿಲ್ಲ.

ಈ ಸಲ ಮದುವೆ ಪ್ರೂಫ್ ನೋಡುವ ಹುಡುಗಿಯದು. ವರ ಪ್ರೆಸ್ಸಿಗೆ ಕಾಗದ ತರುವ ವ್ಯಾನಿನ ಡ್ರೈವರ್. ಇಬ್ಬರೂ ಒಂದು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆ ನೋಡಿದ್ದರು. ಮುಂಗಡ ಅರ್ಧ ಕೊಟ್ಟಾಗಿತ್ತು. ಉಳಿದರ್ಧ ಮದುವೆಯ ಮಾರನೆಯ ದಿನ ಕೈಸೇರದಿದ್ದರೆ ಬೇರೆಯವರಿಗೆ ಕೊಡುತ್ತೇನೆಂದು ಮನೆ ಯಜಮಾನಿ ಖಡಾಖಂಡಿತವಾಗಿ ಹೇಳಿದ್ದಳು. ಆಮೇಲೆ ಗತಿ ವರನ ಅಣ್ಣನ ಮನೆಯ ನಡುಮನೆ, ಒಂದು ಪರದೆ ಕಟ್ಟಿಕೊಂಡು. ಹುಡುಗಿ ಇದನ್ನು ಅಕ್ಕನಿಗೊಬ್ಬಳಿಗೇ ಹೇಳಿ, ಯಾರಿಗೂ ಹೇಳಬೇಡಿ ಅಂದಿದ್ದಳು. ಅಕ್ಕ ತುಟಿ ಬಿಗಿದುಕೊಂಡಳು. ಅವಳಿಗೆ ಅದು ಹೊಟ್ಟೆನೋವಿನಷ್ಟೇ ಕಷ್ಟ.

ವಂತಿಗೆಯ ಮಾತು ಬಂದಾಗ ಫೋರ್‌ಮನ್ ಎದ್ದು ನಿಂತ. "ಗಾಜಿನ ಪೆಟ್ಟಿಗೇಲಿ ಒಂದು ಜೋಡಿ ನವಿಲು ನೋಡಿಟ್ಟಿದೀನಿ. ಆಳೆತ್ತರ ಇದೆ! ಕೆಳಗೆ ನಮ್ಮೆಲ್ಲರ ಹೆಸರು. ಹತ್ತು ವರ್ಷ ಆದ್ರೂ ಬಂದೋರು ಹೋದೋರು ಓದಬೇಕು."

"ಕವರು ಕೊಡೋಣ ಸಾರ್," ಅಂದಳು ಅಕ್ಕ.

"ಕವರೊಳಗಿರೋದು ಯಾರಿಗಮ್ಮ ಕಾಣುತ್ತೆ? ಕೊಟ್ಟಿದ್ದು ಕಾಣಬೇಕು."

ನಿಜ ಹೇಳಬೇಕೆಂದರೆ ಫೋರ್‌ಮನ್ ಕೆಟ್ಟವನಲ್ಲ. ಹೆಸರು ಅಚ್ಚಾದರೆ ಸಾಕು, ಅವನ ಜೇಬು ತಾನಾಗಿ ಸಡಿಲವಾಗುತ್ತಿತ್ತು. ಅಕ್ಕನಿಗೆ ತಟ್ಟನೆ ಹೊಳೆದದ್ದೇ ಅದು.

"ಕಾಣೋ ಹಾಗೇ ಮಾಡೋಣ. ದಪ್ಪ ಬೋರ್ಡಿನಲ್ಲಿ ಬಾಗಿಲಗಲದ ಕವರು ನಾನು ಕಟ್ಟಿಕೊಡ್ತೀನಿ. ಮೇಲೆ ಚಿನ್ನದ ಬಣ್ಣದಲ್ಲಿ ಎಲ್ಲರ ಹೆಸರು ಒತ್ತೋಣ."

ಫೋರ್‌ಮನ್ ಕಣ್ಣರಳಿಸಿದ. ಮರುಕ್ಷಣವೇ ಅವನ ಹುಬ್ಬು ಗಂಟಾಯಿತು. "ಹೆಚ್ಚು ಕೊಟ್ಟೋರ ಹೆಸರೂ ಕಡಿಮೆ ಕೊಟ್ಟೋರ ಹೆಸರೂ ಒಂದೇ ಗಾತ್ರದಲ್ಲಾ?"

ಕಸ ಗುಡಿಸುವ ಅಜ್ಜಿ ಪೊರಕೆ ಹಿಡಿದು ಅಲ್ಲೇ ನಿಂತಿದ್ದಳು. ಅವಳ ಹೆಸರು ಇರುವೆ ಸಾಲಿನಂತೆ ಮೂಲೆ ಸೇರುವುದು ಅಕ್ಕನಿಗೆ ಸುತರಾಂ ಇಷ್ಟವಿರಲಿಲ್ಲ.

"ಅವರವರ ಒಂದು ದಿನದ ಕೂಲಿ ಕೊಟ್ಟರೆ ಒಂದು ಅಳತೆಯ ಅಕ್ಷರ ಸಾರ್. ಅಜ್ಜಿಗೆ ಅವರ ದಿನ, ನಿಮಗೆ ನಿಮ್ಮ ದಿನ. ಇದಕ್ಕೋಸ್ಕರ ಯಾರೂ ತಮ್ಮ ಮನೆ ಬಾಡಿಗೆ ದುಡ್ಡಿಗೆ ಕೈ ಹಾಕಬಾರದು. ದೊಡ್ಡ ಅಕ್ಷರ ಬೇಕಾದ್ರೆ ಎರಡು ದಿನದ್ದು ಕೊಡಿ."

"ನನ್ನದು ಎರಡು ದಿನ!" ಅಂದ ಫೋರ್‌ಮನ್.

ಲೆಕ್ಕದ ಗುಮಾಸ್ತರು ಜನ್ಮದಲ್ಲಿ ಯಾರಿಗೂ ಒಂದು ಚಹಾ ಕುಡಿಸಿದವರಲ್ಲ. ಅವರು ಕನ್ನಡಕ ಒರೆಸಿಕೊಂಡು, "ನನ್ನದು ಮೂರು ಹಾಕಮ್ಮ," ಅಂದರು. ಫೋರ್‌ಮನ್ ನಾಲ್ಕಕ್ಕೆ ಹೋದ. ಮಷೀನಿನವರು ಕೆಲಸ ನಿಲ್ಲಿಸಿ ಬಂದು ನೋಡಿದರು. ಗುಮಾಸ್ತರು ಐದು ಅನ್ನಲು ಬಾಯಿ ತೆರೆದು, ಹೆಂಡತಿಯ ನೆನಪಾಗಿಯೋ ಏನೋ, ಮುಚ್ಚಿಕೊಂಡರು.

ಮದುವೆಯ ದಿನ ಇಬ್ಬರು ಮಷೀನಿನವರು ಕವರನ್ನು ಹೆಗಲ ಮೇಲೆ ಹೊತ್ತು ವೇದಿಕೆ ಹತ್ತಿದರು. ಫೋರ್‌ಮನ್ನನ ಹೆಸರು ಊಟದ ಸಾಲಿನ ಕೊನೆಯವರಿಗೂ ಕಾಣುತ್ತಿತ್ತು. ಫೋಟೋದಲ್ಲಿ ವಧೂವರರ ಕುತ್ತಿಗೆಯಿಂದ ಕೆಳಗೆ ಏನೂ ಕಾಣಲಿಲ್ಲ. ಒಳಗಿದ್ದ ಹಣ ಮುಂಗಡಕ್ಕೆ ಸಾಕಾಗಿ, ಒಲೆಗೂ ಆಯಿತು.

ಮುಂದಿನ ಭಾನುವಾರ ಫೋರ್‌ಮನ್ ಅಕ್ಕನನ್ನು ಕರೆದುಕೊಂಡು ಹೊಸ ಮನೆ ನೋಡಲು ಹೋದ. ಹುಡುಗಿ ಚಾಪೆ ಹಾಸಿ ಕೂರಿಸಿ ಚಹಾ ಕೊಟ್ಟಳು. ಅವನ ಕಣ್ಣು ಗೋಡೆಯಿಂದ ಗೋಡೆಗೆ ಅಲೆಯಿತು. ಒಂದು ಮೊಳೆಯೂ ಇರಲಿಲ್ಲ.

"ಅಲ್ಲಮ್ಮ, ನಾವು ಕೊಟ್ಟಿದ್ದು ಎಲ್ಲೂ ಕಾಣ್ತಾ ಇಲ್ವಲ್ಲ?"

ಹುಡುಗಿಗೆ ಈಗ ಮುಚ್ಚಿಡುವುದೇನೂ ಉಳಿದಿರಲಿಲ್ಲ. ಅವಳು ಬಾಗಿಲನ್ನು ಒಳಗಿನಿಂದ ಎಳೆದು ಮುಚ್ಚಿ, ಚಿಲಕ ಹಾಕಿ ತೋರಿಸಿದಳು.

"ನೀವು ಅದರೊಳಗೇ ಕೂತಿದೀರಿ ಸಾರ್. ನೀವು ಕೊಡದಿದ್ದರೆ ನಮಗೆ ಈ ಬಾಗಿಲಿನ ಬದಲು ಒಂದು ಪರದೆ ಇರ್ತಿತ್ತು."

ಫೋರ್‌ಮನ್ ಎದ್ದು ಹೋಗಿ ಆ ಚಿಲಕವನ್ನು ಒಮ್ಮೆ ತೆಗೆದು, ಮತ್ತೆ ಹಾಕಿ ನೋಡಿದ. ಆಮೇಲೆ ಮೆಲ್ಲಗೆ, ತನ್ನ ಹೆಸರು ಎಲ್ಲಿದೆಯೆಂದು ಕೇಳದೆ, ಇನ್ನೊಂದು ಲೋಟ ಚಹಾ ಕೇಳಿದ.