ಗಿರಣಿ ಹಾಕಿಸಿದ ವಾದ

ಕಂಡಕ್ಟರ್ ಕೆಲಸ ಬಿಟ್ಟು ಬಂದ ಅಪ್ಪನಿಗೆ ಮಗಳು ಬುದ್ಧಿ ಹೇಳಿದಳು, ಈಗ ಹಾರೂಗೇರಿಯಲ್ಲಿ ಅವರ ಗಿರಣಿ ಒಂದು ದಿನವೂ ನಿಲ್ಲುವುದಿಲ್ಲ ಎಂದು ನಮ್ಮ ಓಣಿಯವರು ಹೇಳುತ್ತಾರೆ. ಆ ಮಗಳು ನಾನು. ಗಿರಣಿ ಒಂದು ದಿನವೂ ನಿಲ್ಲುವುದಿಲ್ಲ ಎಂಬುದು ನಿಜ. ಅದು ಹೊಗಳಿಕೆಯೋ ದೂರೋ ಎಂದು ಯಾಕೆ ಯಾರೂ ಕೇಳುವುದಿಲ್ಲ?

ಮೂವತ್ತು ವರ್ಷ ಬಸ್ಸಿನಲ್ಲಿ ನಿಂತು ಅಪ್ಪನ ಕಾಲಿನ ನರಗಳು ಗಂಟುಗಟ್ಟಿದ್ದವು. ಐವತ್ನಾಲ್ಕಕ್ಕೆ ಸ್ವಯಂನಿವೃತ್ತಿ ತೆಗೆದುಕೊಂಡರು. ಬಂದ ದುಡ್ಡು ಒಂದು ಸಣ್ಣ ಧಂದೆಗೆ ಸಾಕಾಗುವಷ್ಟಿತ್ತು. ಅದು ಕೈಕೊಟ್ಟರೆ ಇನ್ನೊಂದಕ್ಕೆ ಇರಲಿಲ್ಲ. ಬಂದವರೆಲ್ಲ ಸಲಹೆ ಕೊಟ್ಟರು. ಚಹಾದಂಗಡಿ ಎಂದಾಗ ಅಪ್ಪ, "ಮತ್ತ ನಸಿಕಿನ್ಯಾಗ ಏಳೂದನ್ರಿ?" ಎಂದರು. ಆಡು ಸಾಕುವ ಮಾತಿಗೆ, "ಆಡಿಗೆ ರಜಾ ಅಂದ್ರ ಗೊತ್ತಿಲ್ರಿ." ಕಬ್ಬಿನ ಸಸಿಯ ನರ್ಸರಿಯೆಂದರೆ ಹಗಲೂ ರಾತ್ರಿ ನೀರಿಗಾಗಿ ಕಾಯಬೇಕಿತ್ತು.

ಅವರ ತಲೆಯಲ್ಲಿದ್ದದ್ದು ಶಾವಿಗೆ ಮಷೀನು.

"ಬ್ಯಾಸಿಗಿ ಮೂರ್ ತಿಂಗಳ ಕೆಲಸ. ರವಾ ಗಿರಾಕಿಗೋಳ್ದ, ದುಡಿಮಿ ನಮ್ದು. ಮಾಲು ತುಂಬೂದಿಲ್ಲ, ಕೆಡೂದಿಲ್ಲ. ಮಳಿ ಬಿತ್ತಂದ್ರ ಬಾಗಲಾ ಹಾಕಿ ದಿಗ್ಗೇವಾಡಿಗೆ ಅಕ್ಕನ ಮನಿಗೆ ಹೋಗಿ ಎಂಟು ದಿನ ಮಲಗ್ತೀನಿ."

"ಮೂವತ್ತು ವರ್ಷ ನಿಂತದ್ದನ್ನ ಒಮ್ಮೆಲೇ ಮಲಗಿ ತೀರಸ್ತಾರಂತ," ಎಂದಳು ಅವ್ವ.

ನಾನು ಸುಮ್ಮನಿರಬಹುದಿತ್ತು. ಆದರೆ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ತಂದವಳಿಗೆ ಊಟದ ತಟ್ಟೆಯ ಮುಂದೆಯೂ ಒಂದು ವೇದಿಕೆ ಕಾಣುತ್ತದೆ.

"ಉಳದ ಒಂಬತ್ತು ತಿಂಗಳು ಮಷೀನ್ ಏನ್ ಮಾಡತೈತಪಾ? ಶೆಡ್ಡಿನ ಬಾಡಿಗಿ ಬ್ಯಾಸಿಗಿಗಷ್ಟ ಕೇಳ್ತಾರೇನು? ಅದರ ಜೋಡಿ ಅದ ಶೆಡ್ಡಿನ್ಯಾಗ ಗಿರಣೀನೂ ಹಾಕು, ಖಾರ ಕುಟ್ಟೂ ಮಷೀನೂ ಇಡು."

ಅಪ್ಪ ತಟ್ಟೆ ಸರಿಸಿದರು. "ಗಿರಣಿ ನಡಸೋರ್ನ ಕೇಳಿ ಬಾ. ನೀ ಕೇಳಿ ಬಂದು ಹೇಳಿದ್ರ ನಾ ನಂಬ್ತೀನಿ."

ಚಿಕ್ಕೋಡಿಯಲ್ಲಿ ನಮ್ಮ ಕಾಲೇಜಿನ ಹಿಂದಿನ ಗಲ್ಲಿಯಲ್ಲಿ ಒಬ್ಬ ಮುದುಕರು ಗಿರಣಿ ನಡೆಸುತ್ತಿದ್ದರು. ಹುಬ್ಬಿನ ತನಕ ಹಿಟ್ಟು.

"ಜ್ವಾಳದ ಹಿಟ್ಟು ಹಳೇದಾದ್ರ ಜಿಗಿ ಹೋಗತೈತಿ, ರೊಟ್ಟಿ ಬಡದ್ರ ಹರೀತೈತಿ," ಎಂದರು ಅವರು. "ಅದಕ್ಕ ಮಂದಿ ಸ್ವಲ್ಪ ಸ್ವಲ್ಪನ ಬೀಸಿಸ್ತಾರ, ವರ್ಷಪೂರ್ತಿ ಬರ್ತಾರ. ಈ ಧಂದೆ ಸಾಯೂದಿಲ್ಲವ್ವಾ." ನಾನು ಎದ್ದೆ. ಅವರ ಮಾತು ಮುಗಿದಿರಲಿಲ್ಲ. "ಆದ್ರ ನಾವೂ ಬಿಟ್ಟು ಹೋಗಾಂಗಿಲ್ಲ. ಎರಡು ದಿನ ಬಾಗಲಾ ಹಾಕಿದ್ರ ಮಂದಿ ಜ್ವಾಳದ ಡಬ್ಬಿಗೋಳು ಬ್ಯಾರೆ ಗಿರಣಿಗೆ ಹೋಗ್ತಾವ, ಹೋದ್ವು ಹೊಳ್ಳಿ ಬರೂದಿಲ್ಲ. ಮಗಳ ಮದುವಿ ದಿನಾನೂ ಎರಡು ತಾಸು ಬೀಸೇ ಹೋಗೀನಿ ನಾ."

ಮನೆಗೆ ಬಂದು ನಾನು ಹೇಳಿದ್ದು ಮೊದಲ ಅರ್ಧವನ್ನು ಮಾತ್ರ. ಎದುರಾಳಿಯ ವಾದಕ್ಕೆ ಬಲ ಕೊಡುವ ಸಂಗತಿಯನ್ನು ನಾವಾಗಿ ಎತ್ತಿ ಕೊಡಬಾರದು ಎಂದು ನನಗೆ ಕಲಿಸಿದ್ದರು. ಅಪ್ಪ ಯಾವಾಗಿನಿಂದ ನನ್ನ ಎದುರಾಳಿಯಾದರು ಎಂಬ ಪ್ರಶ್ನೆ ಆಗ ಹೊಳೆಯಲಿಲ್ಲ.

"ಆತ್ರಿ ವಕೀಲ್ರ, ಕೇಸ್ ನಿಮ್ದ," ಎಂದು ಅಪ್ಪ ನಕ್ಕರು. ಕೊಲ್ಹಾಪುರದಿಂದ ಮೂರೂ ಮಷೀನು ಬಂದವು.

ಧಂದೆ ಸೋತಿದ್ದರೆ ಈ ಬರಹ ಸುಲಭವಾಗುತ್ತಿತ್ತು. ಸೋಲಲಿಲ್ಲ. ಬೇಸಿಗೆಯಲ್ಲಿ ಹೊರಗೆ ಕೋಲುಗಳ ಮೇಲೆ ಶಾವಿಗೆ ಒಣಗುತ್ತಿರುತ್ತದೆ, ಒಳಗೆ ಖಾರದ ಘಾಟಿಗೆ ಅಪ್ಪ ಸೀನುತ್ತಿರುತ್ತಾರೆ. ಮಳೆ ಬಿದ್ದ ಮೇಲೆ ಶಾವಿಗೆ ನಿಲ್ಲುತ್ತದೆ, ಡಬ್ಬಿಗಳು ನಿಲ್ಲುವುದಿಲ್ಲ. ಗಿರಣಿಯ ಬೀಸುವ ಕಲ್ಲು ಸವೆದರೆ ಉಳಿ ಹಿಡಿದು ಮತ್ತೆ ಹಲ್ಲು ಮಾಡಬೇಕು. ಅದಕ್ಕೆ ಗಿರಾಕಿ ಇಲ್ಲದ ಹೊತ್ತೇ ಬೇಕು, ಅಂದರೆ ಊಟದ ಹೊತ್ತು. ಅಪ್ಪ ಮೀನಖಂಡಕ್ಕೆ ಪಟ್ಟಿ ಸುತ್ತಿಕೊಂಡು ಮತ್ತೆ ದಿನವಿಡೀ ನಿಂತಿದ್ದಾರೆ.

ಹೋದ ತಿಂಗಳು ದಿಗ್ಗೇವಾಡಿಯ ಅತ್ತೆಯ ಕಣ್ಣಿನ ಆಪರೇಷನ್ ಆಯಿತು. ಎಂಟು ದಿನ ಜೊತೆಗಿರುತ್ತೇನೆ ಎಂದು ಅಪ್ಪ ಮಾತು ಕೊಟ್ಟಿದ್ದರು. ಗಿರಣಿ ನಾನು ನೋಡಿಕೊಳ್ಳುತ್ತೇನೆ ಎಂದೆ.

"ಕಲ್ಲಿನ ಬಿಗಿ ನಿನಗ ತಿಳಿಯೂದಿಲ್ಲವ್ವಾ. ಬಿಗಿ ಹೆಚ್ಚಾದ್ರ ಹಿಟ್ಟು ಸುಡತೈತಿ."

ಮಧ್ಯಾಹ್ನ ಹೋದರು, ಸಂಜೆಯ ಬಸ್ಸಿಗೆ ಬಂದರು. ಅತ್ತೆ ಫೋನಿನಲ್ಲಿ ಅಳಲಿಲ್ಲ. "ನಮ್ಮ ತಮ್ಮ ಈಗ ದೊಡ್ಡ ಧಂದೆದಾಂವ, ಅವಂಗ ಎಲ್ಲಿ ಪುರಸೊತ್ತು?" ಎಂದು ಅಭಿಮಾನದಿಂದಲೇ ಹೇಳಿದಳು. ಅತ್ತಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ಮೊನ್ನೆ ರವಿವಾರ ಕರೆಂಟು ಹೋಯಿತು. ಅಪ್ಪ ಪಟ್ಟಿ ಬಿಚ್ಚಿ ಜೋಳದ ಚೀಲದ ಮೇಲೆ ಕುಳಿತರು. ಚಿಕ್ಕೋಡಿಯ ಮುದುಕರು ಹೇಳಿದ ಉಳಿದ ಅರ್ಧವನ್ನು ಆಗ ಹೇಳಿದೆ, ಮದುವೆಯ ದಿನದ ಎರಡು ತಾಸನ್ನೂ ಬಿಡದೆ. ಅವರು ಕಾಲು ನೀವಿಕೊಳ್ಳುತ್ತಲೇ ಕೇಳಿದರು. ಬೈಯಲಿಲ್ಲ, ವಕೀಲ್ರ ಎಂದು ನಗಲೂ ಇಲ್ಲ. ಕೊನೆಗೆ ನಾನೇ ಕೇಳಿದೆ:

"ಅವತ್ತ ಇದನ್ನೂ ಹೇಳಿದ್ರ, ನೀ ಗಿರಣಿ ಹಾಕಸ್ತಿದ್ದೇನಪಾ?"